ಊರ ಗಡಿಯೊಳಗೆ ಚುಕ್ಕಿ ಇಡುವ ಲೆಕ್ಕ: ಮಣ್ಣು, ನೀರಿನ ಸಮೀಕ್ಷೆಗೆ ಜಾಗ ಆರಿಸುವುದು ಹೇಗೆ?

ಸವದತ್ತಿ ತಾಲ್ಲೂಕಿನ ಸಿರಸಂಗಿಯಂಥ ಒಂದು ಊರಿನ ಮಣ್ಣು ಹೇಗಿದೆ ಎಂದು ತಿಳಿಯಬೇಕು ಎನ್ನೋಣ. ಲೆಕ್ಕದ ಅನುಕೂಲಕ್ಕೆ ಸಾಗುವಳಿ ಭೂಮಿ 1,200 ಹೆಕ್ಟೇರ್ ಎಂದು ಹಿಡಿಯೋಣ. ಒಂದು ಹೆಕ್ಟೇರಿನಲ್ಲಿ ಮೇಲಿನ 15 ಸೆಂ.ಮೀ. ಮಣ್ಣಷ್ಟನ್ನೇ ತೂಗಿದರೂ ಸುಮಾರು 2,000 ಟನ್ ಆಗುತ್ತದೆ. ಊರಿಗೆಲ್ಲ ಸೇರಿ 24 ಲಕ್ಷ ಟನ್. ಸಮೀಕ್ಷೆಯವರು 60 ಕಡೆ ಅರ್ಧರ್ಧ ಕಿಲೋ ಮಣ್ಣು ತಂದರೆ ಪ್ರಯೋಗಾಲಯಕ್ಕೆ ಬರುವುದು 30 ಕಿಲೋ. ಆ 30 ಕಿಲೋ ಮಣ್ಣು 24 ಲಕ್ಷ ಟನ್ನಿನ ಪರವಾಗಿ ಮಾತಾಡಬೇಕು. ಹಾಗೆ ಮಾತಾಡುವ ಹಕ್ಕು ಅದಕ್ಕೆ ಎಲ್ಲಿಂದ ಬರುತ್ತದೆ ಎಂಬುದೇ ಈ ಲೇಖನದ ಪ್ರಶ್ನೆ.

ಪ್ರಯೋಗಾಲಯದ ಉಪಕರಣ ಎಷ್ಟೇ ನಿಖರವಾಗಿರಲಿ, ಆ ಹಕ್ಕನ್ನು ಅದು ಕೊಡಲಾರದು. ಮಣ್ಣು ತೆಗೆದ 60 ಜಾಗಗಳನ್ನು ಆರಿಸಿದ ರೀತಿಯಿಂದ ಅದು ಬರುತ್ತದೆ. ಊರ ಗಡಿಯೊಳಗಿನ ಪ್ರತಿ ತುಂಡು ನೆಲಕ್ಕೂ ಆಯ್ಕೆಯಾಗುವ ಅವಕಾಶ ಇರಬೇಕು, ಆ ಅವಕಾಶ ಎಷ್ಟೆಂದು ನಮಗೆ ಮೊದಲೇ ಗೊತ್ತಿರಬೇಕು. ಈ ನಿಯಮ ಪಾಲಿಸಿದರೆ ಸರಾಸರಿಯನ್ನೂ ಅದರ ತಪ್ಪಿನ ಅಳತೆಯನ್ನೂ ಧೈರ್ಯವಾಗಿ ಹೇಳಬಹುದು. ನಿಯಮ ಮುರಿಯುವುದು ಹೆಚ್ಚಾಗಿ ಕಂಪ್ಯೂಟರಿನಲ್ಲಿ ಅಲ್ಲ, ಅದರ ಹಿಂದೆ ಮತ್ತು ಮುಂದೆ: ನಕ್ಷೆ ಸಿದ್ಧಪಡಿಸುವಾಗ ಮತ್ತು ಹೊಲಕ್ಕೆ ಕಾಲಿಟ್ಟ ಮೇಲೆ.

ಬೆಳೆ ಕಟಾವಿನ ಪಾಠ

ಗಡಿಯೊಳಗೆ ಚೀಟಿ ಎತ್ತಿ ಜಾಗ ಗುರುತಿಸುವ ಪದ್ಧತಿ ಭಾರತಕ್ಕೆ ಹೊಸದಲ್ಲ. 1920ರ ದಶಕದಲ್ಲಿ ಜೆ.ಎ. ಹಬ್ಯಾಕ್ ಎಂಬ ಅಧಿಕಾರಿ ಬಿಹಾರ ಮತ್ತು ಒರಿಸ್ಸಾದಲ್ಲಿ ಭತ್ತದ ಇಳುವರಿ ಅಂದಾಜಿಗೆ ಇದನ್ನು ಬಳಸಿದರು. 1930ರ ದಶಕದಲ್ಲಿ ಪಿ.ಸಿ. ಮಹಲನೋಬಿಸ್ ಬಂಗಾಳದ ಸೆಣಬಿನ ಸಮೀಕ್ಷೆಯಲ್ಲಿ ಅದನ್ನು ದೊಡ್ಡ ಪ್ರಮಾಣಕ್ಕೆ ಒಯ್ದರು, ಮುಂದೆ ಪಿ.ವಿ. ಸುಖಾತ್ಮೆ ಬೆಳೆ ಕಟಾವು ಪ್ರಯೋಗಗಳಿಗೆ ಶಿಸ್ತು ತಂದರು. ಇವತ್ತಿಗೂ ನಮ್ಮ ಊರುಗಳಲ್ಲಿ ಬೆಳೆ ವಿಮೆಗಾಗಿ ನಡೆಯುವ ಕಟಾವು ಪ್ರಯೋಗದ ಮೂಲ ಅದೇ. ಸರ್ವೆ ನಂಬರನ್ನು ಯಾದೃಚ್ಛಿಕ ಸಂಖ್ಯೆಯಿಂದ ಆರಿಸುತ್ತಾರೆ. ಆಮೇಲೆ ಹೊಲದ ನೈರುತ್ಯ ಮೂಲೆಯಿಂದ ಉದ್ದಕ್ಕೆ ಇಷ್ಟು ಹೆಜ್ಜೆ, ಅಡ್ಡಕ್ಕೆ ಇಷ್ಟು ಹೆಜ್ಜೆ ಎಂದು ಎರಡು ಯಾದೃಚ್ಛಿಕ ಸಂಖ್ಯೆಗಳ ಪ್ರಕಾರ ನಡೆದು, ನಿಂತಲ್ಲಿ ಕಟಾವಿನ ಚೌಕ ಹಾಕುತ್ತಾರೆ.

ಹೊಲ ನೇರ ಆಯತವಾಗಿದ್ದರೆ ಇದು ಸುಲಭ. ಹಳ್ಳದ ದಂಡೆಯ ಹೊಲ ಸೊಟ್ಟಗಿರುತ್ತದೆ, ಹೆಜ್ಜೆ ಎಣಿಸಿ ನಿಂತ ಜಾಗ ಬದುವಿನಾಚೆ ಬೀಳಬಹುದು. ಆಗ ಎರಡೂ ಸಂಖ್ಯೆಗಳನ್ನು ಬಿಟ್ಟು ಹೊಸ ಜೋಡಿ ತೆಗೆಯಬೇಕು. ಉದ್ದದ ಸಂಖ್ಯೆ ಸರಿಯಾಗಿಯೇ ಇದೆ, ಅಡ್ಡದ್ದನ್ನು ಮಾತ್ರ ಬದಲಿಸೋಣ ಎನ್ನುವಂತಿಲ್ಲ. ಕಾರಣ ಹೀಗಿದೆ. ಒಂದು ಹೊಲ ಪಶ್ಚಿಮದ ಕೊನೆಯಲ್ಲಿ 100 ಮೀಟರ್ ಅಗಲ, ಪೂರ್ವದ ಕೊನೆಯಲ್ಲಿ 20 ಮೀಟರ್ ಅಗಲ ಇದೆ ಎನ್ನಿ. ಉದ್ದದ ಸಂಖ್ಯೆಯನ್ನು ಹಾಗೇ ಇಟ್ಟುಕೊಂಡರೆ ಎರಡೂ ಕೊನೆಗಳಿಗೆ ಸಮನಾಗಿ ಚುಕ್ಕಿ ಬೀಳುತ್ತವೆ. ಆದರೆ ಪೂರ್ವದಲ್ಲಿರುವ ನೆಲ ಐದರಲ್ಲಿ ಒಂದು ಪಾಲು. ಅಂದರೆ ಅಲ್ಲಿನ ಪ್ರತಿ ಗುಂಟೆಗೆ ಪಶ್ಚಿಮದ ಗುಂಟೆಗಿಂತ ಐದು ಪಟ್ಟು ಅವಕಾಶ ಸಿಕ್ಕಂತಾಯಿತು. ಅಗಲ ಕಡಿಮೆ ಇರುವ ತುದಿ ಸಾಮಾನ್ಯವಾಗಿ ಹಳ್ಳದ ಕಡೆಯದು, ಮಣ್ಣೂ ಅಲ್ಲಿ ಬೇರೆ. ಹೀಗೆ ತಪ್ಪು ನೇರವಾಗಿ ಫಲಿತಾಂಶಕ್ಕೆ ಇಳಿಯುತ್ತದೆ.

ಕಂಪ್ಯೂಟರ್ ಮಾಡುವುದೂ ಬಹುಮಟ್ಟಿಗೆ ಇದನ್ನೇ. ಊರ ಗಡಿಗೆರೆಯ ಸುತ್ತ ಒಂದು ಆಯತ ಕಲ್ಪಿಸಿಕೊಂಡು ಅದರೊಳಗೆ ಚುಕ್ಕಿ ಹಾಕುತ್ತದೆ. ಗಡಿಯೊಳಗೆ ಬಿದ್ದದ್ದನ್ನು ಉಳಿಸಿ, ಹೊರಗೆ ಬಿದ್ದದ್ದನ್ನು ಪೂರ್ತಿ ಬಿಡುತ್ತದೆ. 5 ಕಿ.ಮೀ. ಉದ್ದ, 4 ಕಿ.ಮೀ. ಅಗಲದ ಆಯತದಲ್ಲಿ 1,200 ಹೆಕ್ಟೇರಿನ ಊರಿದ್ದರೆ ನೂರಕ್ಕೆ 60 ಚುಕ್ಕಿ ಒಳಗೆ ಬೀಳುತ್ತವೆ. ಇನ್ನೊಂದು ದಾರಿಯೂ ಇದೆ: ಊರನ್ನು ತ್ರಿಕೋನಗಳಾಗಿ ಒಡೆದು ಮೊದಲು ಒಂದು ತ್ರಿಕೋನ, ಆಮೇಲೆ ಅದರೊಳಗೊಂದು ಚುಕ್ಕಿ. ಇಲ್ಲಿ ತ್ರಿಕೋನವನ್ನು ಅದರ ವಿಸ್ತೀರ್ಣಕ್ಕೆ ತಕ್ಕ ಅವಕಾಶದಿಂದ ಆರಿಸಬೇಕು. ಎಲ್ಲ ತ್ರಿಕೋನಗಳಿಗೂ ಸಮ ಅವಕಾಶ ಕೊಟ್ಟರೆ ಸಣ್ಣ ಮೂಲೆಗಳಲ್ಲಿ ಚುಕ್ಕಿ ಕಿಕ್ಕಿರಿಯುತ್ತವೆ.

ಒಂದು ಸರ್ವೆ ನಂಬರಿಗೆ ಒಂದು ಚುಕ್ಕಿ ಸಾಕೆ?

ಸಾಮಾನ್ಯವಾಗಿ ಕಾಣುವ ಇನ್ನೊಂದು ದೋಷವೂ ಇದೇ ಬಗೆಯದು. ಕ್ಯೂಜಿಐಎಸ್‌ನಂಥ ತಂತ್ರಾಂಶದಲ್ಲಿ ಬಹುಭುಜದೊಳಗೆ ಯಾದೃಚ್ಛಿಕ ಚುಕ್ಕಿ ಹಾಕುವ ಸಲಕರಣೆಗೆ ಕೊಡುವ ಸಂಖ್ಯೆ ಪ್ರತಿ ಬಹುಭುಜಕ್ಕೂ ಅನ್ವಯಿಸುತ್ತದೆ. ಸರ್ವೆ ನಂಬರುಗಳ ನಕ್ಷೆ ಕೊಟ್ಟು 1 ಎಂದು ಬರೆದರೆ ಪ್ರತಿ ನಂಬರಿನಲ್ಲೂ ಒಂದೊಂದು ಚುಕ್ಕಿ ಬಂದು ನೋಡಲು ಬಲು ನ್ಯಾಯವಾಗಿ ಕಾಣುತ್ತದೆ. ಆದರೆ 2 ಎಕರೆಯ ನಂಬರಿಗೂ 20 ಎಕರೆಯ ನಂಬರಿಗೂ ಒಂದೇ ಮಾತು ಸಿಕ್ಕಿತು. ಎಷ್ಟು ಹೊಲಗಳಲ್ಲಿ ಸತುವಿನ ಕೊರತೆ ಇದೆ ಎಂಬ ಪ್ರಶ್ನೆಗೆ ಇದು ಸರಿಯಾದ ಆಯ್ಕೆ. ಎಷ್ಟು ಹೆಕ್ಟೇರಿನಲ್ಲಿ ಸತುವಿನ ಕೊರತೆ ಇದೆ ಎಂಬ ಪ್ರಶ್ನೆಗೆ, ವಿಸ್ತೀರ್ಣದಿಂದ ತೂಕ ಕೊಡದೆ ಹೋದರೆ, ತಪ್ಪು ಆಯ್ಕೆ. ಗೊಬ್ಬರ ತರಿಸುವ ಲೆಕ್ಕಕ್ಕೆ ಬೇಕಾದುದು ಎರಡನೆಯದು. ಪ್ರಶ್ನೆ ಹೊಲದ್ದೋ ನೆಲದ್ದೋ ಎಂದು ಮೊದಲು ಬರೆದಿಟ್ಟುಕೊಂಡರೆ ಈ ಗೊಂದಲವೇ ಬರುವುದಿಲ್ಲ.

ಅಡ್ಡಾದಿಡ್ಡಿ ಚುಕ್ಕಿಗಳು ಗುಂಪಾಗುತ್ತವೆ

ಇಡೀ ಊರಿಗೆ ಒಮ್ಮೆಲೇ 60 ಚುಕ್ಕಿ ಹಾಕಿ ನಕ್ಷೆ ನೋಡಿದವರಿಗೆ ಸಂಶಯ ಬರುವುದು ಸಹಜ: ಒಂದು ಕಡೆ ಮೂರು ಚುಕ್ಕಿ ಒತ್ತೊತ್ತಾಗಿವೆ, ಇನ್ನೊಂದು ಕಡೆ ಬಯಲೇ ಖಾಲಿ. ತಂತ್ರಾಂಶ ಕೆಟ್ಟಿಲ್ಲ. 1,200 ಹೆಕ್ಟೇರನ್ನು 20 ಹೆಕ್ಟೇರಿನ 60 ಸಮ ಖಂಡಗಳಾಗಿ ಮಾಡಿ ಎಣಿಸಿದರೆ, ಸಂಭಾವ್ಯತೆಯ ಲೆಕ್ಕದ ಪ್ರಕಾರ ಸುಮಾರು 22 ಖಂಡಗಳಲ್ಲಿ ಒಂದು ಚುಕ್ಕಿಯೂ ಇರುವುದಿಲ್ಲ, 22ರಲ್ಲಿ ಒಂದೊಂದು, 11ರಲ್ಲಿ ಎರಡೆರಡು, ಉಳಿದ ಐದರಲ್ಲಿ ಮೂರು ಅಥವಾ ಹೆಚ್ಚು ಇರುತ್ತವೆ. ಅಂದರೆ 440 ಹೆಕ್ಟೇರ್ ನೆಲದಿಂದ ಒಂದು ಹಿಡಿ ಮಣ್ಣೂ ಬರುವುದಿಲ್ಲ. ಇದರಿಂದ ಸರಾಸರಿ ಒಂದೇ ಕಡೆಗೆ ವಾಲುವುದಿಲ್ಲ ನಿಜ, ಆದರೆ ಅಕ್ಕಪಕ್ಕದ ಎರಡು ಗುಂಡಿಗಳು ಹೆಚ್ಚುಕಡಿಮೆ ಒಂದೇ ಸುದ್ದಿ ಹೇಳುವುದರಿಂದ ದುಡಿಮೆ ಪೋಲಾಗುತ್ತದೆ.

ಪರಿಹಾರ ಸರಳ: ನೆಲವನ್ನು ಮೊದಲು ವಿಭಾಗಿಸಿ, ಆಮೇಲೆ ಪ್ರತಿ ವಿಭಾಗದೊಳಗೆ ಚೀಟಿ ಎತ್ತುವುದು. ವಿಭಾಗ ಎರಡು ಬಗೆಯದಾಗಬಹುದು. ಒಂದು, ಮೇಲೆ ಹೇಳಿದಂತೆ ಸಮ ವಿಸ್ತೀರ್ಣದ ಖಂಡಗಳು, ಖಂಡಕ್ಕೊಂದು ಚುಕ್ಕಿ. ಇನ್ನೊಂದು, ಮಣ್ಣಿನ ಗುಣದ ಮೇಲೆ. ಮಲಪ್ರಭೆಯ ಈ ಸೀಮೆಯಲ್ಲಿ ರೈತರೇ ಎರೆ, ಮಸಾರಿ, ಸವಳು ಎಂದು ನೆಲವನ್ನು ಬೇರ್ಪಡಿಸಿ ಹೇಳುತ್ತಾರೆ. ಆ ತಿಳಿವಳಿಕೆಯನ್ನು ಸಮೀಕ್ಷೆಯವರು ನಕ್ಷೆಗೆ ಇಳಿಸಿಕೊಳ್ಳಬೇಕು.

ನಮ್ಮ ಕಲ್ಪಿತ ಊರಿನಲ್ಲಿ 900 ಹೆಕ್ಟೇರ್ ಎರೆ, 240 ಹೆಕ್ಟೇರ್ ಮಸಾರಿ, 60 ಹೆಕ್ಟೇರ್ ಸವಳು ಇದೆ ಎನ್ನಿ. ವಿಸ್ತೀರ್ಣಕ್ಕೆ ತಕ್ಕಂತೆ 60 ಚುಕ್ಕಿ ಹಂಚಿದರೆ 45, 12 ಮತ್ತು 3 ಆಗುತ್ತವೆ. ಸವಳಿಗೆ ಮೂರೇ ಚುಕ್ಕಿ ಸಾಲದು. ಅಲ್ಲಿನ ಏರಿಳಿತವೂ ಹೆಚ್ಚು, ನಮಗೆ ಚಿಂತೆ ಇರುವುದೂ ಅದರ ಬಗ್ಗೆಯೇ. ಹಾಗಾಗಿ 40, 12, 8 ಎಂದು ಹಂಚೋಣ. ಆರ್ ತಂತ್ರಾಂಶದಲ್ಲಿ ಇದಕ್ಕೆ ನಾಲ್ಕು ಸಾಲು ಸಾಕು. ನಕ್ಷೆಯ ಕಡತದಲ್ಲಿ ಮೂರು ಬಹುಭುಜಗಳು ಇದೇ ಕ್ರಮದಲ್ಲಿರಬೇಕು, ಅಷ್ಟೆ.

```r
library(sf)
set.seed(4127)
bhumi <- st_transform(st_read("mannu.gpkg"), 32643)
bindu <- st_sample(bhumi, size = c(40, 12, 8))
```

ಎರಡನೆಯ ಸಾಲಿನ ಸಂಖ್ಯೆ ಯಾವುದಾದರೂ ಆಗಬಹುದು, ಆದರೆ ಚುಕ್ಕಿ ನೋಡುವ ಮೊದಲೇ ಅದನ್ನು ವರದಿಯಲ್ಲಿ ದಾಖಲಿಸಿರಬೇಕು. ಅದೇ ನಕ್ಷೆ ಮತ್ತು ಅದೇ ಸಂಖ್ಯೆ ಕೊಟ್ಟರೆ, ತಂತ್ರಾಂಶದ ಆವೃತ್ತಿಯೂ ಅದೇ ಆಗಿದ್ದರೆ, ಯಾರು ಮಾಡಿದರೂ ಅವೇ ಚುಕ್ಕಿ ಬರುತ್ತವೆ. ಮನಸ್ಸಿಗೆ ಹಿಡಿಸುವ ನಕ್ಷೆ ಬರುವವರೆಗೆ ಮತ್ತೆ ಮತ್ತೆ ಚೀಟಿ ಎತ್ತಿದರೇ ಎಂಬ ಪ್ರಶ್ನೆಗೆ ಆ ದಾಖಲೆಯೇ ಉತ್ತರ.

ಹೀಗೆ ಅಸಮನಾಗಿ ಹಂಚಿದ ಮೇಲೆ ಸರಾಸರಿ ತೆಗೆಯುವಾಗ ಎಚ್ಚರ ಬೇಕು. ಮಣ್ಣಿನ ಲವಣಾಂಶವನ್ನು ತೋರಿಸುವ ವಿದ್ಯುತ್ ವಾಹಕತೆ ಎರೆಯಲ್ಲಿ ಸರಾಸರಿ 0.4, ಮಸಾರಿಯಲ್ಲಿ 0.2, ಸವಳಿನಲ್ಲಿ 2.0 ಬಂತೆನ್ನಿ. 60 ಅಂಕಿಗಳನ್ನು ಕೂಡಿ 60ರಿಂದ ಭಾಗಿಸಿದರೆ 0.57. ಆದರೆ ಊರಿನಲ್ಲಿ ಸವಳು ಇರುವುದು ನೂರಕ್ಕೆ 5 ಪಾಲು ಮಾತ್ರ. ವಿಸ್ತೀರ್ಣದ ಪಾಲಿನಿಂದ ಗುಣಿಸಿ ಕೂಡಿದರೆ ಎರೆಯಿಂದ 0.30, ಮಸಾರಿಯಿಂದ 0.04, ಸವಳಿನಿಂದ 0.10, ಒಟ್ಟು 0.44. ತೂಕ ಕೊಡದ ಉತ್ತರ ಊರನ್ನು ಸುಮಾರು ಶೇ 30ರಷ್ಟು ಹೆಚ್ಚು ಸವಳು ಮಾಡಿ ತೋರಿಸುತ್ತದೆ. ಚುಕ್ಕಿ ಹಾಕಿದವರು ಒಬ್ಬರು, ವರದಿ ಬರೆಯುವವರು ಇನ್ನೊಬ್ಬರು ಆದಾಗ ಈ ತೂಕದ ಮಾಹಿತಿ ನಡುವೆ ಕಳೆದುಹೋಗುತ್ತದೆ. ಆದ್ದರಿಂದ ಪ್ರತಿ ಚುಕ್ಕಿಯ ಮುಂದೆ ಅದು ಪ್ರತಿನಿಧಿಸುವ ಹೆಕ್ಟೇರುಗಳನ್ನು, ಇಲ್ಲಿ ಕ್ರಮವಾಗಿ 22.5, 20 ಮತ್ತು 7.5, ಪಟ್ಟಿಯಲ್ಲೇ ಬರೆದಿಡಬೇಕು.

ಚೌಕಗಳ ಜಾಲ: ನಮ್ಮ ಯೋಜನೆಗಳು ಹಿಡಿದ ದಾರಿ

2015ರ ಫೆಬ್ರವರಿ 19ರಂದು ಆರಂಭವಾದ ಮಣ್ಣು ಆರೋಗ್ಯ ಚೀಟಿ ಯೋಜನೆ ತನ್ನ ಮೊದಲ ಸುತ್ತುಗಳಲ್ಲಿ ಚೌಕಗಳ ಜಾಲವನ್ನು ಆರಿಸಿತು: ನೀರಾವರಿ ಪ್ರದೇಶದಲ್ಲಿ 2.5 ಹೆಕ್ಟೇರಿಗೆ ಒಂದು ಮಾದರಿ, ಮಳೆಯಾಶ್ರಿತ ಪ್ರದೇಶದಲ್ಲಿ 10 ಹೆಕ್ಟೇರಿಗೆ ಒಂದು. ಕರ್ನಾಟಕದ ಸುಜಲಾ ಮೂರನೇ ಹಂತದ ಭೂಸಂಪನ್ಮೂಲ ಸಮೀಕ್ಷೆಯೂ 320 ಮೀಟರ್ ಅಂತರದ ಜಾಲ ಹಿಡಿಯಿತು; ಒಂದು ಚೌಕ ಎಂದರೆ 10 ಹೆಕ್ಟೇರಿಗಿಂತ ತುಸು ಹೆಚ್ಚು. 2009ರಲ್ಲಿ ಇಕ್ರಿಸ್ಯಾಟ್ ನೆರವಿನಿಂದ ಶುರುವಾದ ಭೂಚೇತನ ಬೇರೆ ದಾರಿ ಹಿಡಿದು, ನೆಲದ ಏರುತಗ್ಗು, ಮಣ್ಣು, ಬೆಳೆ, ಹಿಡುವಳಿಯ ಗಾತ್ರಗಳ ಮೇಲೆ ವಿಭಾಗಿಸಿ ರೈತರ ಹೊಲಗಳನ್ನು ಆರಿಸಿತು.

ಯಾವುದು ಮೇಲು ಎಂಬ ಚರ್ಚೆಗೆ ನೆದರ್ಲೆಂಡ್ಸ್‌ನ ಡಿಕ್ ಬ್ರುಸ್ ಮತ್ತು ಯಾಪ್ ದ ಗ್ರೌಟರ್ 1997ರಲ್ಲಿ ಸ್ಪಷ್ಟವಾದ ಉತ್ತರ ಕೊಟ್ಟಿದ್ದಾರೆ. ಊರಿನ ಸರಾಸರಿ ಎಷ್ಟು, ಕೊರತೆ ಇರುವ ಪಾಲು ಎಷ್ಟು ಎಂಬುದು ಪ್ರಶ್ನೆಯಾದರೆ ಯಾದೃಚ್ಛಿಕ ಆಯ್ಕೆ ಉತ್ತಮ, ಏಕೆಂದರೆ ಉತ್ತರದ ತಪ್ಪನ್ನು ಮಣ್ಣಿನ ಬಗ್ಗೆ ಏನೂ ಊಹಿಸದೆ ಲೆಕ್ಕ ಹಾಕಬಹುದು. ಯಾವ ಜಾಗದಲ್ಲಿ ಎಷ್ಟು ಎಂದು ತೋರಿಸುವ ನಕ್ಷೆ ಬೇಕಾದರೆ ಸಮವಾಗಿ ಹರಡಿದ ಜಾಲ ಉತ್ತಮ, ಏಕೆಂದರೆ ನಡುವಿನ ಜಾಗವನ್ನು ಅಂದಾಜಿಸಲು ಎಲ್ಲ ಕಡೆಯಿಂದಲೂ ಅಂಕಿ ಬೇಕು. ಜಾಲದ ಮೊದಲ ಬಿಂದುವನ್ನು ಯಾದೃಚ್ಛಿಕವಾಗಿ ಆರಿಸಿದರೆ ಜಾಲವೂ ನಿಯಮಬದ್ಧ ಆಯ್ಕೆಯಾಗುತ್ತದೆ. ಆದರೆ ಜಾಲದ ಅಂತರ ಒಡ್ಡು ಅಥವಾ ಕಾಲುವೆ ಸೀಳುಗಳ ಅಂತರಕ್ಕೆ ಹೊಂದಿಬಿಟ್ಟರೆ ಎಲ್ಲ ಚುಕ್ಕಿಗಳೂ ಒಡ್ಡಿನ ಬಗಲಲ್ಲೇ ಬಿದ್ದಾವು. ಚೌಕವನ್ನು ಮಾತ್ರ ಗೊತ್ತುಮಾಡಿ, ಚೌಕದೊಳಗೆ ಎಲ್ಲಿ ತೆಗೆಯಬೇಕು ಎಂಬುದನ್ನು ಹೋದವರ ಇಷ್ಟಕ್ಕೆ ಬಿಟ್ಟರೆ ಹರಡಿಕೆ ಸಿಗುತ್ತದೆ, ಅವಕಾಶದ ಲೆಕ್ಕ ಸಿಗುವುದಿಲ್ಲ. ಚೌಕದೊಳಗೂ ಚೀಟಿ ಎತ್ತಿದರೆ ಎರಡೂ ಸಿಗುತ್ತವೆ.

ನಕ್ಷೆಯಲ್ಲಿ ಏನಿರಬೇಕು, ಏನಿರಬಾರದು

ಮಣ್ಣು ಪರೀಕ್ಷೆಗೆ ಮಾದರಿ ತೆಗೆಯುವಾಗ ಬದುವಿನ ಬುಡ, ಮರದ ನೆರಳು, ತಿಪ್ಪೆ ಇದ್ದ ಜಾಗ, ನೀರು ನಿಲ್ಲುವ ತಗ್ಗು ಬಿಡಬೇಕೆಂದು ಕೃಷಿ ಇಲಾಖೆ ಹೇಳುತ್ತದೆ. ಒಬ್ಬ ರೈತನ ಒಂದು ಹೊಲಕ್ಕೆ ಇದು ಸರಿಯಾದ ಮಾತು. ಸಮೀಕ್ಷೆಯಲ್ಲಿ ಮಾತ್ರ ಈ ಬಿಡುವಿಕೆ ನಕ್ಷೆಯಲ್ಲೇ ಮುಗಿದಿರಬೇಕು. ಊರ ಗಡಿಯಿಂದ ಗಾಂವಠಾಣ, ರಸ್ತೆ, ಕೆರೆ, ಗುಡ್ಡ, ಹಳ್ಳಗಳನ್ನು ಕತ್ತರಿಸಿ ತೆಗೆದು, ಉಳಿದದ್ದು ಇಷ್ಟು ಹೆಕ್ಟೇರ್, ನಮ್ಮ ಉತ್ತರ ಇದಕ್ಕೆ ಮಾತ್ರ ಎಂದು ಹೇಳಬೇಕು. ಹೊಲಕ್ಕೆ ಹೋದ ಮೇಲೆ ಇದು ಬೇಡ, ಅದು ಬೇಡ ಎನ್ನುತ್ತಾ ಹೋದರೆ ಉತ್ತರ ಯಾವ ನೆಲದ್ದು ಎಂಬುದೇ ತಿಳಿಯದಾಗುತ್ತದೆ.

ಸರ್ವೆ ನಂಬರುಗಳ ಗಡಿ ಒಂದರ ಮೇಲೊಂದು ಏರಿದ್ದರೆ ಏರಿದ ಭಾಗಕ್ಕೆ ಎರಡು ಸಲ ಅವಕಾಶ ಸಿಗುತ್ತದೆ, ನಡುವೆ ಸಂದಿ ಇದ್ದರೆ ಆ ನೆಲಕ್ಕೆ ಅವಕಾಶವೇ ಇಲ್ಲ. ಎಲ್ಲ ತುಂಡುಗಳ ವಿಸ್ತೀರ್ಣ ಕೂಡಿ, ಒಂದುಗೂಡಿಸಿದ ಗಡಿಯ ವಿಸ್ತೀರ್ಣಕ್ಕೆ ಹೋಲಿಸಿದರೆ ಏರಿಕೆ ಗೊತ್ತಾಗುತ್ತದೆ. ಒಂದುಗೂಡಿಸಿದ ಮೇಲೂ ಒಳಗೆ ತೂತು ಉಳಿದಿದ್ದರೆ ಅದೇ ಸಂದಿ. ನಕ್ಷೆಯನ್ನು ಮೀಟರ್ ಲೆಕ್ಕಕ್ಕೆ ಬದಲಿಸುವುದೂ ಮುಖ್ಯ. ಸಿರಸಂಗಿಯ ಸೀಮೆ ಯುಟಿಎಂ 43ನೇ ವಲಯದ ಉತ್ತರಕ್ಕೆ ಸೇರುತ್ತದೆ. ಮೇಲಿನ ಸಾಲುಗಳಲ್ಲಿರುವ 32643 ಅದರ ಸಂಕೇತ. ಅಕ್ಷಾಂಶ ರೇಖಾಂಶದಲ್ಲೇ ಬಿಟ್ಟು, ಚುಕ್ಕಿಗಳ ನಡುವೆ ಕನಿಷ್ಠ 50 ಮೀಟರ್ ಅಂತರ ಇರಲಿ ಎಂದುಕೊಂಡು 50 ಎಂದು ಬರೆದರೆ ತಂತ್ರಾಂಶ ಅದನ್ನು 50 ಡಿಗ್ರಿ ಎಂದು ತಿಳಿಯಬಹುದು. ಆಗ ಬರುವುದು ಒಂದೇ ಚುಕ್ಕಿ.

ಫೋನಿನ ಜಿಪಿಎಸ್ ಬಯಲಿನಲ್ಲೂ ಐದಾರು ಮೀಟರ್ ಆಚೀಚೆ ತೋರಿಸುತ್ತದೆ. ಗಡಿಗೆ ತೀರ ಹತ್ತಿರದ ಚುಕ್ಕಿ ಪಕ್ಕದವರ ಹೊಲಕ್ಕೆ ಹೋಗದಿರಲೆಂದು ಹಲವರು ಪ್ರತಿ ಹೊಲದ ಗಡಿಯನ್ನು 10 ಮೀಟರ್ ಒಳಕ್ಕೆ ಎಳೆಯುತ್ತಾರೆ. ದೊಡ್ಡ ಹೊಲಗಳಿಗೆ ಇದು ನಡೆಯುತ್ತದೆ. 30 ಮೀಟರ್ ಅಗಲದ ಹೊಲದಲ್ಲಿ 10 ಮೀಟರಿನ ಪಟ್ಟಿ ಮಾತ್ರ ಉಳಿಯುತ್ತದೆ, 20 ಮೀಟರಿನದು ನಕ್ಷೆಯಿಂದಲೇ ಮಾಯವಾಗುತ್ತದೆ. ಹಿಸ್ಸೆಯಾಗಿ ಸೀಳಿದ ಪಟ್ಟಿ ಹೊಲಗಳು ಸಣ್ಣ ರೈತರವು. ಗೊತ್ತಿಲ್ಲದೆಯೇ ಅವರನ್ನು ಸಮೀಕ್ಷೆಯಿಂದ ಹೊರಗಿಟ್ಟಂತಾಗುತ್ತದೆ. ನೆಲದ ಸರಾಸರಿಯೇ ಗುರಿಯಾದಾಗ ಗಡಿ ಎಳೆಯದೆ, ಚುಕ್ಕಿ ಬಿದ್ದಲ್ಲಿ ಮಣ್ಣು ತೆಗೆದು, ಯಾವ ಸರ್ವೆ ನಂಬರು ಎಂಬುದನ್ನು ದಿಶಾಂಕ್ ಆ್ಯಪಿನಲ್ಲಿ ನೋಡಿ ರೈತರನ್ನು ಕೇಳಿ ಖಚಿತಪಡಿಸಿಕೊಳ್ಳುವುದೇ ಒಳ್ಳೆಯದು.

ಚುಕ್ಕಿ ಸರಿದದ್ದು ಹೇಗೆ ತಿಳಿಯುತ್ತದೆ?

ಮಳೆ ಬಿದ್ದ ಎರೆ ಹೊಲದಲ್ಲಿ ಕಾಲು ಹೂತುಹೋಗುತ್ತದೆ. ಉಳ್ಳಾಗಡ್ಡಿ ನಿಂತ ಹೊಲದಲ್ಲಿ ಅಗೆಯಲು ರೈತ ಒಪ್ಪುವುದಿಲ್ಲ. ಮಾಲೀಕ ಊರಲ್ಲಿಲ್ಲ. ಇಂಥಲ್ಲಿ ಹೋದವರು ರಸ್ತೆ ಪಕ್ಕದ ಇನ್ನೊಂದು ಹೊಲಕ್ಕೆ ಇಳಿಯುವುದು ಸುಲಭ. ಆದರೆ ದಾರಿ ಬದಿಯ ಮತ್ತು ಊರ ಹತ್ತಿರದ ಹೊಲಗಳಿಗೆ ತಿಪ್ಪೆಗೊಬ್ಬರ ಹೆಚ್ಚು ಬೀಳುತ್ತದೆ, ಬಂಡಿ ಅಲ್ಲಿಗೇ ಸಲೀಸು. ಹತ್ತಾರು ಚುಕ್ಕಿ ಹೀಗೆ ಸರಿದರೆ ಊರಿನ ಸಾವಯವ ಇಂಗಾಲ ಕಾಗದದ ಮೇಲೆ ಏರುತ್ತದೆ.

ಮದ್ದು ಮೊದಲೇ ಸಿದ್ಧವಿರಬೇಕು. ಪ್ರತಿ ವಿಭಾಗಕ್ಕೂ ಅದೇ ಚೀಟಿಯಲ್ಲಿ ಕೆಲವು ಹೆಚ್ಚುವರಿ ಚುಕ್ಕಿ ತೆಗೆದು ಕ್ರಮಸಂಖ್ಯೆ ಕೊಟ್ಟಿಟ್ಟರೆ, ಒಂದು ಚುಕ್ಕಿ ಕೈಬಿಟ್ಟಾಗ ಅದೇ ವಿಭಾಗದ ಪಟ್ಟಿಯಲ್ಲಿ ಮುಂದಿನದಕ್ಕೆ ಹೋಗಬಹುದು. ಹತ್ತಿರದ್ದನ್ನೋ ಅನುಕೂಲದ್ದನ್ನೋ ಆರಿಸುವಂತಿಲ್ಲ, ಕಾರಣವನ್ನು ಬರೆಯಬೇಕು. ಕೆಲಸ ಮುಗಿದ ಮೇಲೆ ಪರೀಕ್ಷಿಸಲು ಒಂದು ಸುಲಭ ದಾರಿ ಇದೆ: ಯೋಜಿಸಿದ ಚುಕ್ಕಿಗಳೂ ನಿಜವಾಗಿ ಮಣ್ಣು ತೆಗೆದ ಚುಕ್ಕಿಗಳೂ ರಸ್ತೆಯಿಂದ ಸರಾಸರಿ ಎಷ್ಟು ದೂರ ಎಂದು ಅಳೆದು ಹೋಲಿಸುವುದು. ಎರಡನೆಯದು ಗಣನೀಯವಾಗಿ ಕಡಿಮೆಯಾಗಿದ್ದರೆ ಸಮೀಕ್ಷೆ ರಸ್ತೆಯ ಕಡೆಗೆ ವಾಲಿದೆ ಎಂದೇ ಅರ್ಥ.

ನೀರಿಗೆ ಬೇರೆ ಲೆಕ್ಕ

ಕುಡಿಯುವ ನೀರಿನ ಗುಣ ನೋಡಲು ಊರ ಗಡಿಯೊಳಗೆ ಚುಕ್ಕಿ ಹಾಕಿ, ಪ್ರತಿ ಚುಕ್ಕಿಗೂ ಹತ್ತಿರದ ಬೋರ್‌ವೆಲ್ ಆರಿಸುವವರಿದ್ದಾರೆ. ಇದರಲ್ಲಿ ದೊಡ್ಡ ಪಕ್ಷಪಾತ ಅಡಗಿದೆ. 40 ಹೆಕ್ಟೇರ್ ಬಯಲಿನಲ್ಲಿ ಒಂಟಿಯಾಗಿರುವ ಬೋರ್‌ವೆಲ್‌ಗೆ ಆ 40 ಹೆಕ್ಟೇರಿನ ಚುಕ್ಕಿಗಳೆಲ್ಲ ಸೇರುತ್ತವೆ. 5 ಹೆಕ್ಟೇರಿನಲ್ಲಿ ಹತ್ತು ಬೋರ್‌ವೆಲ್ ಇದ್ದರೆ ಒಂದೊಂದಕ್ಕೆ ಅರ್ಧ ಹೆಕ್ಟೇರ್. ಒಂಟಿ ಬಾವಿಗೆ 80 ಪಟ್ಟು ಅವಕಾಶ, ಜನ ನೀರು ಕುಡಿಯುವುದು ಮಾತ್ರ ಗುಂಪಿನ ಬಾವಿಗಳಿಂದ. ಬೋರ್‌ವೆಲ್‌ಗಳು ಎಣಿಸಬಹುದಾದ ವಸ್ತುಗಳು. ಅವುಗಳ ಪಟ್ಟಿ ಮಾಡಿ ಪಟ್ಟಿಯಿಂದಲೇ ಚೀಟಿ ಎತ್ತಬೇಕು.

ನವಿಲುತೀರ್ಥದ ರೇಣುಕಾಸಾಗರದಂಥ ಜಲಾಶಯಕ್ಕೆ ಬಹುಭುಜದ ದಾರಿ ಹೊಂದುತ್ತದೆ, ಆದರೆ ಆ ಬಹುಭುಜ ತಿಂಗಳಿಂದ ತಿಂಗಳಿಗೆ ಬದಲಾಗುತ್ತದೆ. 2,079.5 ಅಡಿಯ ಪೂರ್ಣ ಮಟ್ಟದ ಗಡಿಯನ್ನು ಹಿಡಿದು ಬೇಸಿಗೆಯಲ್ಲಿ ಹೋದರೆ ಹಲವು ಚುಕ್ಕಿಗಳು ಒಣ ನೆಲದ ಮೇಲಿರುತ್ತವೆ. ಆಯಾ ತಿಂಗಳ ಉಪಗ್ರಹ ಚಿತ್ರದಿಂದ ನೀರಿನ ಅಂಚು ಬಿಡಿಸಿಕೊಳ್ಳಬೇಕು. ಇನ್ನೊಂದು ಮಾತು: ಮೇಲ್ಮೈ ವಿಸ್ತೀರ್ಣದಲ್ಲಿ ಸಮ ಅವಕಾಶ ಕೊಟ್ಟರೆ ಆಳವಿಲ್ಲದ ಅಂಚಿನಲ್ಲಿ ಬಹಳ ಚುಕ್ಕಿ ಬೀಳುತ್ತವೆ, ಅಲ್ಲಿರುವ ನೀರಿನ ಪ್ರಮಾಣ ಕಡಿಮೆ. ಇಡೀ ನೀರಿನ ಸರಾಸರಿ ಬೇಕಾದರೆ ಪ್ರತಿ ಚುಕ್ಕಿಯಲ್ಲಿ ಆಳ ಅಳೆದು, ಬೇರೆ ಬೇರೆ ಆಳದಿಂದ ನೀರು ತೆಗೆದು, ಆಳದಿಂದ ತೂಕ ಕೊಡಬೇಕು. ಇಂಥ ಜಲ ಸಮೀಕ್ಷೆಗಳಲ್ಲಿ ಸ್ಟೀವನ್ಸ್ ಮತ್ತು ಓಲ್ಸೆನ್ 2004ರಲ್ಲಿ ಪ್ರಕಟಿಸಿದ ವಿಧಾನವನ್ನು ಅಮೆರಿಕದ ಪರಿಸರ ಸಂಸ್ಥೆ ಬಳಸುತ್ತದೆ. ಅದರಲ್ಲಿ ಹೆಚ್ಚುವರಿ ಚುಕ್ಕಿಗಳನ್ನು ಕ್ರಮವಾಗಿ ಬಳಸುತ್ತ ಹೋದರೂ ಹರಡಿಕೆ ಸಮವಾಗಿಯೇ ಉಳಿಯುತ್ತದೆ.

ಈ ದಾರಿಗಳನ್ನೆಲ್ಲ ಹೋಲಿಸಿ ನೋಡಿದ ಮೇಲೆ ನನ್ನ ತೀರ್ಮಾನ ಇದು. ಸಿರಸಂಗಿಯಂಥ ಊರಿನ ಮಣ್ಣಿಗೆ ಎರೆ, ಮಸಾರಿ, ಸವಳು ಎಂದು ವಿಭಾಗಿಸಿ, ಪ್ರತಿ ವಿಭಾಗವನ್ನು ಬೇಕಾದಷ್ಟು ಸಮ ಖಂಡಗಳಾಗಿ ಒಡೆದು, ಖಂಡಕ್ಕೊಂದು ಯಾದೃಚ್ಛಿಕ ಚುಕ್ಕಿ ಹಾಕುವುದು ಸರಾಸರಿಗೂ ನಕ್ಷೆಗೂ ಒದಗುವ ಹದವಾದ ದಾರಿ. ಅದಕ್ಕೆ ದುಬಾರಿ ಉಪಕರಣ ಬೇಡ. ಸಮೀಕ್ಷೆ ನಡೆಸುವ ಇಲಾಖೆ, ವಿಶ್ವವಿದ್ಯಾಲಯ, ಸಂಸ್ಥೆಗಳಲ್ಲಿ ನನ್ನ ಕೋರಿಕೆ ಇಷ್ಟೇ: ಫಲಿತಾಂಶದ ಜೊತೆಗೆ ಚುಕ್ಕಿ ಹಾಕಿದ ನಕ್ಷೆ, ಚೀಟಿಯ ಸಂಖ್ಯೆ, ಪ್ರತಿ ಚುಕ್ಕಿಯ ಹೆಕ್ಟೇರ್ ತೂಕ, ಕೈಬಿಟ್ಟ ಚುಕ್ಕಿಗಳು ಮತ್ತು ಅವುಗಳ ಕಾರಣ ಇವಿಷ್ಟನ್ನು ಗ್ರಾಮ ಪಂಚಾಯಿತಿಗೆ ಕೊಡಿ. ತನ್ನ ಊರಿನ ಮಣ್ಣಿನ ವರದಿಯನ್ನು ನಂಬಬೇಕೋ ಬೇಡವೋ ಎಂಬುದನ್ನು ಆಗ ರೈತನೇ ಪರೀಕ್ಷಿಸಿ ನೋಡಬಹುದು.